ಒದ್ದೆ ಫರ್ಸಿಯ ಮೇಲೆ ಬಣ್ಣದ ಬೆಳಕು: ಕಲಬುರಗಿಯ ಓಣಿಯಲ್ಲಿ ಮಳೆರಾತ್ರಿಯನ್ನು ಚಿತ್ರೀಕರಿಸಿದ ನನ್ನ ಅನುಭವ

ಮೊಬೈಲ್ ನೆಟ್‌ವರ್ಕ್ ಕಂಪನಿಯೊಂದರ ಜಾಹೀರಾತಿಗೆ ಛಾಯಾಗ್ರಹಣ ಮಾಡುವ ಕೆಲಸ ನನಗೆ ಬಂದಾಗ ಚಿತ್ರಕಥೆ ಅರ್ಧ ಪುಟದಷ್ಟಿತ್ತು. ಮಳೆಯ ರಾತ್ರಿ ಊರಿನ ಪೇಟೆಯ ಓಣಿಯೊಂದರಲ್ಲಿ ಒಬ್ಬ ಯುವಕ ಆಳಂದದ ಹತ್ತಿರದ ಹಳ್ಳಿಯಲ್ಲಿರುವ ತಾಯಿಯೊಂದಿಗೆ ವಿಡಿಯೊ ಕರೆಯಲ್ಲಿ ಮಾತಾಡುತ್ತ ನಡೆಯುತ್ತಾನೆ, ಕರೆ ಎಲ್ಲಿಯೂ ಕಡಿಯುವುದಿಲ್ಲ, ಅವನ ಕಾಲ ಕೆಳಗಿನ ಒದ್ದೆ ನೆಲದಲ್ಲಿ ಅಂಗಡಿಗಳ ಬಣ್ಣದ ಬೋರ್ಡುಗಳ ಬೆಳಕು ಒಂದರಿಂದ ಇನ್ನೊಂದಕ್ಕೆ ಹರಿದು ಅವನ ಜೊತೆಗೇ ಸಾಗುತ್ತದೆ. ನಿರ್ದೇಶಕರಿಗೆ ಬೇಕಾಗಿದ್ದದ್ದು ಆ ಕೊನೆಯ ಮಾತು. ಕರೆ ಕಡಿಯುವುದಿಲ್ಲ ಎಂಬುದನ್ನು ಸಂಭಾಷಣೆಯಲ್ಲಿ ಹೇಳದೆ ನೆಲದ ಬೆಳಕಿನಲ್ಲಿ ತೋರಿಸಬೇಕೆಂಬುದು ಅವರ ಹಟ. ಹಾಗಾಗಿ ಇಲ್ಲಿ ನಟನಿಗಿಂತಲೂ ನೆಲವೇ ಮುಖ್ಯ ಪಾತ್ರ ಎಂದು ನಾನು ಮೊದಲೇ ತೀರ್ಮಾನಿಸಿಕೊಂಡೆ.

ಜಾಹೀರಾತು ಮಳೆಗಾಲದಲ್ಲಿ ಪ್ರಸಾರವಾಗಬೇಕಾದದ್ದರಿಂದ ಚಿತ್ರೀಕರಣ ಬೇಸಿಗೆಯಲ್ಲೇ ಮುಗಿಯಬೇಕಿತ್ತು. ಮೇ ತಿಂಗಳಿನ ಕಲಬುರಗಿಯಲ್ಲಿ ಹಗಲು ತಾಪಮಾನ ನಲವತ್ತು ಡಿಗ್ರಿ ದಾಟುವುದು ಸಾಮಾನ್ಯ. ಆದ್ದರಿಂದ ಮಳೆ, ನೀರು, ತೇವ ಎಲ್ಲವನ್ನೂ ನಾವೇ ಮಾಡಿಕೊಳ್ಳಬೇಕಿತ್ತು. ನಿಜವಾದ ಮಳೆ ಸಿಕ್ಕಿದ್ದರೂ ನಾನು ಅದನ್ನು ನಂಬಿಕೊಳ್ಳುತ್ತಿರಲಿಲ್ಲ. ಸುರಿಯುತ್ತಿರುವ ಮಳೆಯೂ ನೆಲದ ಪ್ರತಿಬಿಂಬವೂ ಪರಸ್ಪರ ವಿರೋಧಿಗಳು. ಹನಿ ಬಿದ್ದ ಕಡೆಯೆಲ್ಲ ನೀರಿನ ಮೇಲ್ಮೈ ಉಂಗುರವಾಗಿ ಅಲುಗುತ್ತದೆ, ಪ್ರತಿ ಉಂಗುರವೂ ಬೋರ್ಡಿನ ಬೆಳಕನ್ನು ಬೇರೆ ಬೇರೆ ದಿಕ್ಕಿಗೆ ಎಸೆಯುತ್ತದೆ. ಹನಿಗಳು ವಿರಳವಾಗಿದ್ದರೆ ಪ್ರತಿಬಿಂಬ ಉದ್ದಕ್ಕೆ ಎಳೆದ ಪಟ್ಟಿಯಂತೆ ಹಿಗ್ಗಿ ಚೆನ್ನಾಗಿಯೇ ಕಾಣುತ್ತದೆ, ಆದರೆ ಜೋರು ಮಳೆಯಲ್ಲಿ ಎಲ್ಲ ಬಣ್ಣಗಳೂ ಬೆರೆತು ನೆಲದ ತುಂಬ ಬೂದು ಮಿನುಗು ಮಾತ್ರ ಉಳಿಯುತ್ತದೆ. ನಮ್ಮ ಕಣ್ಣಿಗೆ ನೆನಪಿರುವ ಮಳೆರಾತ್ರಿಯ ಬಣ್ಣದ ರಸ್ತೆ ಬಹುಪಾಲು ಮಳೆ ನಿಂತ ಮೇಲಿನ ರಸ್ತೆ. ಹೀಗಾಗಿ ಮಳೆಯನ್ನು ಒಂದು ಕಡೆ, ಪ್ರತಿಬಿಂಬವನ್ನು ಇನ್ನೊಂದು ಕಡೆ ಬೇರೆ ಬೇರೆಯಾಗಿ ತಯಾರಿಸಿ ಒಂದೇ ಚೌಕಟ್ಟಿನಲ್ಲಿ ಕೂಡಿಸುವುದೆಂದು ಯೋಜನೆ ಹಾಕಿಕೊಂಡೆವು.

ಜಾಗ ಹುಡುಕುವಾಗ ಸ್ಟೇಷನ್ ರಸ್ತೆ, ಜಗತ್ ವೃತ್ತ ಎಲ್ಲವನ್ನೂ ರಾತ್ರಿ ಸುತ್ತಿ ನೋಡಿದೆವು. ಮುಖ್ಯರಸ್ತೆಗಳ ತೊಂದರೆ ಎರಡು. ಒಂದು, ಅಲ್ಲಿನ ಡಾಂಬರಿನ ಜಲ್ಲಿಕಲ್ಲುಗಳ ತುದಿಗಳು ಮೇಲೆದ್ದಿರುತ್ತವೆ. ಅವುಗಳ ತಲೆ ಮುಳುಗುವಷ್ಟು ನೀರು ನಿಲ್ಲದಿದ್ದರೆ ಪ್ರತಿಬಿಂಬ ಕಾಳುಕಾಳಾಗಿ ಒಡೆಯುತ್ತದೆ, ಅಷ್ಟು ನೀರು ನಿಲ್ಲಲು ರಸ್ತೆಯ ಇಳಿಜಾರು ಬಿಡುವುದಿಲ್ಲ. ಎರಡು, ಎತ್ತರದ ಕಂಬಗಳ ಬಿಳಿ ಎಲ್‌ಇಡಿ ದೀಪಗಳು ಇಡೀ ನೆಲವನ್ನು ಸಮನಾಗಿ ಬೆಳಗಿಸುತ್ತವೆ. ನೆಲವೇ ಬೆಳ್ಳಗಾದರೆ ಅದರ ಮೇಲಿನ ಬಣ್ಣದ ಪ್ರತಿಬಿಂಬ ಎಷ್ಟಿದ್ದರೂ ತೆಳುವಾಗಿ ಕಾಣುತ್ತದೆ. ಕೊನೆಗೆ ಸೂಪರ್ ಮಾರ್ಕೆಟ್ ಬಳಿಯ ಒಂದು ಓಣಿಯನ್ನು ಆರಿಸಿಕೊಂಡೆವು. ಅದರ ಒಂದು ಭಾಗಕ್ಕೆ ಹಳೆಯ ಶಹಾಬಾದ್ ಫರ್ಸಿ ಹಾಸಿದ್ದರು. ನಮ್ಮ ಜಿಲ್ಲೆಯವರಿಗೆ ಮನೆಯ ಪಡಸಾಲೆಯಿಂದ ಬಸ್ ನಿಲ್ದಾಣದವರೆಗೆ ಕಾಲಿಗೆ ಸಿಗುವ ಆ ಸುಣ್ಣಕಲ್ಲು ಒಣಗಿದಾಗ ತಿಳಿ ಬೂದು, ನೆನೆದಾಗ ಕಡುಬೂದು. ವರ್ಷಗಳ ನಡಿಗೆಯಿಂದ ನುಣುಪಾದ ಅದರ ಮೇಲೆ ತೆಳ್ಳನೆಯ ನೀರಿನ ಪದರವೂ ಹರಿದು ಹರಡಿ ಕನ್ನಡಿಯಾಗುತ್ತದೆ, ಡಾಂಬರಿನಂತೆ ತೊಟ್ಟಿ ತುಂಬಬೇಕಾಗಿಲ್ಲ. ಹೊಸ ಹೊಳಪಿನ ಟೈಲ್ಸ್ ಇನ್ನೂ ಚೆನ್ನಾಗಿ ಹೊಳೆಯುತ್ತದೆ ಎನ್ನುವವರಿದ್ದಾರೆ, ಆದರೆ ಅದು ರಸ್ತೆಯಂತೆ ಕಾಣದೆ ಬಟ್ಟೆ ಅಂಗಡಿಯ ಒಳಾಂಗಣದಂತೆ ಕಾಣುತ್ತದೆ. ಫರ್ಸಿಯ ಕಲ್ಲುಗಳ ನಡುವಿನ ಸಂದುಗಳು ಪ್ರತಿಬಿಂಬವನ್ನು ಅಲ್ಲಲ್ಲಿ ಕತ್ತರಿಸುವುದೇ ಅದಕ್ಕೆ ಊರಿನ ಗುಣ ಕೊಡುತ್ತದೆ.

ಪಾಲಿಕೆಯ ಮತ್ತು ಸಂಚಾರ ಪೊಲೀಸರ ಅನುಮತಿ ಪಡೆದ ಮೇಲೆ ಮಾಡಿದ ಮೊದಲ ಕೆಲಸ ನೀರು ಬಿಡುವುದಲ್ಲ, ಗುಡಿಸುವುದು. ಬೇಸಿಗೆಯ ಧೂಳಿನ ಮೇಲೆ ನೇರವಾಗಿ ನೀರು ಬಿದ್ದರೆ ನಮ್ಮ ಎರೆಮಣ್ಣು ಅಂಟಿನಂತಾಗಿ ನೀರನ್ನೇ ಕಲಕುತ್ತದೆ. ನೀರು ಕಲಕಾಗಿದ್ದರೂ ಅದರ ಮೇಲ್ಮೈ ಬೆಳಕನ್ನು ಅಷ್ಟೇ ಪ್ರತಿಫಲಿಸುತ್ತದೆ ಎಂಬುದು ನಿಜ, ಆದರೆ ಕಲಕು ನೀರಿನ ಒಳಗಿನ ಮಣ್ಣಿನ ಕಣಗಳು ಸುತ್ತಲಿನ ಬೆಳಕನ್ನು ಚದುರಿಸಿ ತಾವೂ ಕಂದಾಗಿ ಬೆಳಗುತ್ತವೆ, ಆಗ ಕಪ್ಪು ಇರಬೇಕಾದ ಹಿನ್ನೆಲೆ ಚಹಾ ಬಣ್ಣಕ್ಕೆ ತಿರುಗಿ ಕೆಂಪು ನೀಲಿಗಳ ತೀಕ್ಷ್ಣತೆ ಹೋಗುತ್ತದೆ. ಆದ್ದರಿಂದ ಸಂಜೆ ಎರಡು ಸಲ ಗುಡಿಸಿ, ಒಂದು ಸಲ ತೊಳೆದು, ಆ ನೀರು ಗಟಾರಕ್ಕೆ ಹೋದ ಮೇಲೆ ಚಿತ್ರೀಕರಣದ ನೀರನ್ನು ಬಿಡಲು ಶುರು ಮಾಡಿದೆವು.

ನೀರಿನ ಲೆಕ್ಕ ಸುಲಭ. ನೂರು ಚದರ ಮೀಟರ್ ನೆಲದ ಮೇಲೆ ಒಂದು ಮಿಲಿಮೀಟರ್ ನೀರು ನಿಲ್ಲಿಸಲು ನೂರು ಲೀಟರ್ ಬೇಕು. ನಮ್ಮ ಓಣಿ ಮೂವತ್ತು ಮೀಟರ್ ಉದ್ದ, ನಾಲ್ಕು ಮೀಟರ್ ಅಗಲ, ಅಂದರೆ ಒಂದು ಸಲಕ್ಕೆ ನೂರ ಇಪ್ಪತ್ತು ಲೀಟರ್. ಆದರೆ ಹಗಲಿಡೀ ಕಾದ ಕಲ್ಲು ಮೊದಲ ಕೆಲವು ಸುತ್ತಿನ ನೀರನ್ನು ಬೇಗ ಆರಿಸಿಬಿಡುತ್ತದೆ, ಸಂದುಗಳು ಒಂದಿಷ್ಟು ಕುಡಿಯುತ್ತವೆ, ಇಳಿಜಾರಿನಲ್ಲಿ ಒಂದಿಷ್ಟು ಹರಿದು ಹೋಗುತ್ತದೆ. ಐದು ಸಾವಿರ ಲೀಟರಿನ ಟ್ಯಾಂಕರ್ ತರಿಸಿದ್ದು ಈ ಕಾರಣಕ್ಕೆ. ಬೇಸಿಗೆಯಲ್ಲಿ ಕುಡಿಯುವ ನೀರನ್ನು ಬೀದಿಗೆ ಸುರಿಯುವುದು ಈ ಭಾಗದಲ್ಲಿ ಯಾರಿಗೂ ಸರಿ ಕಾಣದು, ಆದ್ದರಿಂದ ಕುಡಿಯಲು ಬಳಸದ ಸವಳು ಬೋರ್‌ವೆಲ್ ನೀರನ್ನೇ ಬಳಸಿದೆವು. ಟ್ಯಾಂಕರ್ ಚಾಲಕರು ಪೈಪ್ ಹಿಡಿದು ನಿಂತು, "ಸಾಹೇಬ್ರ, ಪೂರಾ ಓಣಿ ತೋಯಿಸ್ಲೇನ್ರಿ?" ಎಂದು ಕೇಳಿದರು. "ಪೂರಾ ಒಮ್ಮೆ ತೋಯಿಸ್ರಿ ಕಾಕಾ, ಆಮೇಲೆ ಕ್ಯಾಮೆರಾದ ಮುಂದಿನ ಜಾಗ ಮಾತ್ರ ನೋಡ್ಕೋತಾ ಇರ್ರಿ" ಎಂದೆ. ಅವರು ನನ್ನನ್ನು ಅನುಮಾನದಿಂದಲೇ ನೋಡಿದರು. ಉಳಿದ ಓಣಿಗೆ ತೇವದ ಬಣ್ಣವಿದ್ದರೆ ಸಾಕು, ನಿಂತ ನೀರು ಬೇಕಾಗಿದ್ದದ್ದು ಕೆಲವೇ ಮೀಟರಿನಲ್ಲಿ. ಅದರ ಕಾರಣ ಸ್ವಲ್ಪ ವಿವರವಾಗಿ ಹೇಳಬೇಕಾದದ್ದು.

ನೀರು ಎಷ್ಟು ಬೆಳಕನ್ನು ಹಿಂದಿರುಗಿಸುತ್ತದೆ ಎಂಬುದು ನಾವು ಅದನ್ನು ಯಾವ ಕೋನದಿಂದ ನೋಡುತ್ತೇವೆ ಎಂಬುದನ್ನು ಅವಲಂಬಿಸಿದೆ. ನೇರ ಮೇಲಿನಿಂದ ಬಗ್ಗಿ ನೋಡಿದರೆ ಬಂದ ಬೆಳಕಿನಲ್ಲಿ ನೂರಕ್ಕೆ ಎರಡು ಪಾಲು ಮಾತ್ರ ಕಣ್ಣಿಗೆ ಮರಳುತ್ತದೆ. ನೋಟ ನೆಲಕ್ಕೆ ಸಮಾನಾಂತರವಾಗುತ್ತ ಹೋದಂತೆ ಈ ಪಾಲು ಮೊದಲು ನಿಧಾನವಾಗಿ, ಕೊನೆಯ ಇಪ್ಪತ್ತು ಡಿಗ್ರಿಯಲ್ಲಿ ಬಹಳ ವೇಗವಾಗಿ ಏರುತ್ತದೆ. ಓಣಿಯಲ್ಲಿ ಕ್ಯಾಮೆರಾದಿಂದ ಹನ್ನೆರಡು ಮೀಟರ್ ದೂರದಲ್ಲಿ, ಮೂರು ಮೀಟರ್ ಎತ್ತರದಲ್ಲಿ ಒಂದು ಬೋರ್ಡು ಇತ್ತು. ನಿಂತ ಮನುಷ್ಯನ ಕಣ್ಣಿನ ಮಟ್ಟಕ್ಕೆ, ಅಂದರೆ ಒಂದೂವರೆ ಮೀಟರಿಗೆ ಕ್ಯಾಮೆರಾ ಇಟ್ಟಾಗ ಅದರ ಪ್ರತಿಬಿಂಬ ನೆಲಕ್ಕೆ ಸುಮಾರು ಇಪ್ಪತ್ತು ಡಿಗ್ರಿ ಕೋನದಲ್ಲಿ ಬರುತ್ತದೆ, ಮರಳುವ ಬೆಳಕು ಎಂಟನೇ ಒಂದು ಪಾಲು. ಕ್ಯಾಮೆರಾವನ್ನು ನೆಲದಿಂದ ನಲವತ್ತು ಸೆಂಟಿಮೀಟರಿಗೆ ಇಳಿಸಿದರೆ ಕೋನ ಹದಿನಾರು ಡಿಗ್ರಿಗೆ ಇಳಿದು ಪಾಲು ಐದನೇ ಒಂದಕ್ಕೆ ಏರುತ್ತದೆ. ಇಷ್ಟಕ್ಕೇ ನಿಲ್ಲದೆ ಬೋರ್ಡನ್ನೂ ಎರಡು ಮೀಟರ್ ಎತ್ತರಕ್ಕೆ ಇಳಿಸಿದರೆ ಕೋನ ಹನ್ನೊಂದು ಡಿಗ್ರಿ, ಮರಳುವ ಬೆಳಕು ನೂರಕ್ಕೆ ಮೂವತ್ತು. ಹೊಸ ದೀಪ ಒಂದೂ ಸೇರಿಸದೆ ಪ್ರತಿಬಿಂಬ ಎರಡು ಪಟ್ಟಿಗಿಂತ ಹೆಚ್ಚು ಬೆಳಗಾಯಿತು. ಕ್ಯಾಮೆರಾ ಕೆಳಗೆ ಇಡಬೇಕು ಎಂಬುದನ್ನು ಎಲ್ಲರೂ ಹೇಳುತ್ತಾರೆ, ಬೋರ್ಡನ್ನೂ ಕೆಳಗಿಳಿಸಬೇಕು ಎಂಬುದನ್ನು ಕಡಿಮೆ ಜನ ಹೇಳುತ್ತಾರೆ.

ಕ್ಯಾಮೆರಾ ಕೆಳಗಿಳಿದಾಗ ಇನ್ನೊಂದು ಉಪಕಾರವೂ ಆಗುತ್ತದೆ. ಒಂದೂವರೆ ಮೀಟರಿನಲ್ಲಿದ್ದಾಗ ಆ ಬೋರ್ಡಿನ ಬೆಳಕು ನೆಲಕ್ಕೆ ತಾಗುವ ಬಿಂದು ಕ್ಯಾಮೆರಾದಿಂದ ನಾಲ್ಕು ಮೀಟರ್ ಮುಂದಿರುತ್ತದೆ, ನಲವತ್ತು ಸೆಂಟಿಮೀಟರಿಗೆ ಇಳಿದಾಗ ಆ ಬಿಂದು ಸುಮಾರು ಒಂದೂವರೆ ಮೀಟರಿಗೆ ಬರುತ್ತದೆ. ಇನ್ನೂ ಕೆಳಮಟ್ಟದ ದೀಪಗಳಿಗೆ ಮೂರು, ಮೂರೂವರೆ ಮೀಟರ್. ಹಾಗಾಗಿ ಕ್ಯಾಮೆರಾದ ಮುಂದಿನ ನಾಲ್ಕು ಮೀಟರ್ ನೆಲದಲ್ಲಿ ನೀರು ಸಮನಾಗಿ ನಿಂತಿದ್ದರೆ ಚೌಕಟ್ಟಿನ ಬಹುಪಾಲು ಪ್ರತಿಬಿಂಬ ಅದರಲ್ಲೇ ಮುಗಿಯುತ್ತದೆ. ಈ ಜಾಗದ ಎರಡೂ ಬದಿಗೆ, ಚೌಕಟ್ಟಿನ ಹೊರಗೆ, ಒದ್ದೆ ಗೋಣಿಚೀಲಗಳನ್ನು ಸುರುಳಿ ಸುತ್ತಿ ಕಟ್ಟೆಯಂತೆ ಇಟ್ಟು ನೀರು ಹರಿದು ಹೋಗದಂತೆ ತಡೆದೆವು. ಟ್ಯಾಂಕರ್ ಚಾಲಕರು ಮಾನಿಟರ್ ನೋಡಿದ ಮೇಲೆ ಮತ್ತೆ ಪ್ರಶ್ನೆ ಕೇಳಲಿಲ್ಲ, ಅವರೇ ಮಗ್ಗಿನಲ್ಲಿ ನೀರು ಹಿಡಿದು ಒಣಗಿದ ಕಲ್ಲು ಕಂಡ ಕಡೆ ಸುರಿಯತೊಡಗಿದರು.

ಬೋರ್ಡುಗಳ ವಿಷಯಕ್ಕೆ ಬಂದರೆ, ಗಾಜಿನ ನಳಿಗೆಯಲ್ಲಿ ಅನಿಲ ತುಂಬಿದ ನಿಜವಾದ ನಿಯಾನ್ ಈಗ ನಮ್ಮ ಪೇಟೆಗಳಲ್ಲಿ ಕಣ್ಣಿಗೆ ಬೀಳುವುದೇ ಅಪರೂಪ. ಅಂಗಡಿಗಳವರು ನಿಯಾನ್ ಎಂದು ಕರೆಯುವುದು ಸಿಲಿಕೋನ್ ಕೊಳವೆಯೊಳಗಿನ ಎಲ್‌ಇಡಿ ಪಟ್ಟಿಯನ್ನು. ನಾವೂ ಅದನ್ನೇ ಬಳಸಿದೆವು, ಮುಖ್ಯವಾಗಿ ಅದು ಹನ್ನೆರಡು ವೋಲ್ಟ್‌ನಲ್ಲಿ ಉರಿಯುತ್ತದೆ ಎಂಬ ಕಾರಣಕ್ಕೆ. ನಿಜವಾದ ನಿಯಾನಿಗೆ ಸಾವಿರಾರು ವೋಲ್ಟ್ ಬೇಕು, ಕಾಲ ಕೆಳಗೆ ನೀರು ನಿಂತಿರುವ ಓಣಿಯಲ್ಲಿ ಅದನ್ನು ತರುವ ಮಾತೇ ಇಲ್ಲ. ಜನರೇಟರ್ ಓಣಿಯ ಆಚೆ, ಸೋರಿಕೆ ಕಂಡೊಡನೆ ವಿದ್ಯುತ್ ಕಡಿಯುವ ಸ್ವಿಚ್ ಅದರ ಪಕ್ಕದಲ್ಲೇ, ಎಲ್ಲ ಜೋಡಣೆಗಳೂ ನೆಲದಿಂದ ಮೊಣಕಾಲ ಮಟ್ಟಕ್ಕೆ ಮೇಲೆ. ಇದನ್ನು ಪರೀಕ್ಷಿಸುವವರೆಗೆ ಯಾರನ್ನೂ ನೀರಿಗೆ ಇಳಿಸಲಿಲ್ಲ.

ಜಾಹೀರಾತಿನ ಕೆಲಸದಲ್ಲಿ ಬಣ್ಣದ ಆಯ್ಕೆ ಛಾಯಾಗ್ರಾಹಕನ ಕೈಯಲ್ಲಿ ಪೂರ್ತಿ ಇರುವುದಿಲ್ಲ. ಮೊಬೈಲ್ ಕಂಪನಿಗಳಿಗೆ ತಮ್ಮದೇ ಬಣ್ಣಗಳಿವೆ, ಪ್ರತಿಸ್ಪರ್ಧಿಯ ಬಣ್ಣ ಚೌಕಟ್ಟಿನಲ್ಲಿ ಎದ್ದು ಕಂಡರೆ ಜಾಹೀರಾತು ಮಾಡಿಸುವ ಕಂಪನಿಯವರು ಒಪ್ಪುವುದಿಲ್ಲ. ಓಣಿಯ ಪ್ರತಿ ಎರಡನೇ ಅಂಗಡಿಯ ಮೇಲೂ ಯಾವುದೋ ಒಂದು ಕಂಪನಿಯ ರೀಚಾರ್ಜ್ ಬೋರ್ಡು. ಅವನ್ನೆಲ್ಲ ಅಂಗಡಿಯವರ ಒಪ್ಪಿಗೆಯಿಂದ ಕಪ್ಪು ಬಟ್ಟೆಯಲ್ಲಿ ಮುಚ್ಚಿದೆವು. ಇಲ್ಲಿ ಗಮನಿಸಬೇಕಾದದ್ದು ಏನೆಂದರೆ, ಚೌಕಟ್ಟಿನ ಮೇಲಿನ ಅಂಚಿನ ಆಚೆ ಇರುವ ಬೋರ್ಡು ನೇರವಾಗಿ ಕಾಣದಿದ್ದರೂ ನೆಲದಲ್ಲಿ ಕಾಣುತ್ತದೆ, ಯಾಕೆಂದರೆ ನೀರು ನೆಲದ ಕೆಳಗಿನಿಂದ ಮೇಲಕ್ಕೆ ನೋಡುವ ಇನ್ನೊಂದು ಕಣ್ಣಿನಂತೆ ಕೆಲಸ ಮಾಡುತ್ತದೆ. ಮುಚ್ಚಬೇಕಾದ ಬೋರ್ಡುಗಳನ್ನು ಗುರುತಿಸಲು ನಾನು ಬೀದಿಯನ್ನು ನೋಡದೆ ಮಾನಿಟರಿನ ಕೆಳಭಾಗವನ್ನೇ ನೋಡುತ್ತಿದ್ದೆ.

ಇದೇ ಗುಣವನ್ನು ನಮ್ಮ ಅನುಕೂಲಕ್ಕೂ ಬಳಸಿದೆವು. ನಾಲ್ಕು ಅಡಿ ಉದ್ದದ, ಬಣ್ಣ ಬದಲಿಸಬಹುದಾದ ಎಲ್‌ಇಡಿ ಟ್ಯೂಬ್‌ಗಳನ್ನು ಓಣಿಗೆ ಅಡ್ಡಲಾಗಿ ಕಟ್ಟಿದ ಹಗ್ಗದಿಂದ ಚೌಕಟ್ಟಿನ ಮೇಲಂಚಿನ ಸ್ವಲ್ಪವೇ ಆಚೆ ತೂಗುಹಾಕಿದೆವು. ನೇರವಾಗಿ ಅವು ಕಾಣುವುದಿಲ್ಲ, ನೆಲದಲ್ಲಿ ಮಾತ್ರ ಅವುಗಳ ಉದ್ದನೆಯ ಗೆರೆ ಹೊಳೆಯುತ್ತದೆ. ನಿರ್ದೇಶಕರು ಕೇಳಿದ್ದ, ಯುವಕನ ಜೊತೆಗೆ ಸಾಗುವ ಬೆಳಕು ಬಂದದ್ದು ಇವುಗಳಿಂದ. ಅವನು ನಡೆದಂತೆ ಸಹಾಯಕನೊಬ್ಬ ಒಂದು ಟ್ಯೂಬನ್ನು ನಿಧಾನವಾಗಿ ಮಂದಗೊಳಿಸಿ ಮುಂದಿನದನ್ನು ಬೆಳಗಿಸುತ್ತಿದ್ದ. ಎರಡರ ನಡುವೆ ಕತ್ತಲೆ ಉಳಿಯಬಾರದು. ಒಂದು ಪೂರ್ತಿ ಆರುವ ಮೊದಲೇ ಇನ್ನೊಂದು ಅರ್ಧ ಬೆಳಗಿರಬೇಕು, ಇಲ್ಲವಾದರೆ ಕರೆ ಕಡಿದು ಮತ್ತೆ ಬಂದಂತೆ ಕಾಣುತ್ತದೆ.

ಇನ್ನು ಮಳೆ. ಹಿಂದಿನಿಂದ ಬೆಳಕು ಬಿದ್ದರೆ ಮಾತ್ರ ಹನಿ ಕ್ಯಾಮೆರಾಕ್ಕೆ ಕಾಣುತ್ತದೆ, ಮುಂದಿನಿಂದ ಬೆಳಗಿಸಿದ ಮಳೆ ರಾತ್ರಿಯಲ್ಲಿ ಇಲ್ಲದಂತೆಯೇ. ಆರು ಮೀಟರ್ ಎತ್ತರದ ಎರಡು ಸ್ಟ್ಯಾಂಡ್‌ಗಳ ನಡುವೆ ತೂತು ಕೊರೆದ ಪಿವಿಸಿ ಪೈಪನ್ನು ಅಡ್ಡ ಕಟ್ಟಿ, ಅದನ್ನು ಯುವಕನ ಹಿಂದೆ, ಕ್ಯಾಮೆರಾದಿಂದ ಎಂಟು ಮೀಟರ್ ಆಚೆ ನಿಲ್ಲಿಸಿದೆವು. ಅದಕ್ಕೂ ಹಿಂದೆ, ಓಣಿಯ ತಿರುವಿನ ಆಚೆ, ತಣ್ಣನೆಯ ಬಿಳಿ ಬಣ್ಣದ ಒಂದು ದೊಡ್ಡ ದೀಪ. ಹೀಗೆ ಮಳೆ ಮಧ್ಯದ ಭಾಗದಲ್ಲಿ ಮಾತ್ರ ಸುರಿಯಿತು, ಪ್ರತಿಬಿಂಬ ಹೊತ್ತ ಮುಂದಿನ ನಾಲ್ಕು ಮೀಟರ್ ನೆಲಕ್ಕೆ ಒಂದು ಹನಿಯೂ ಬೀಳಲಿಲ್ಲ. ಆದರೆ ಆ ನೀರು ಪೂರ್ತಿ ನಿಶ್ಚಲವಾಗಿದ್ದರೆ ನೋಡುವವರಿಗೆ ಸುಳ್ಳು ಎನ್ನಿಸುತ್ತದೆ. ಅದಕ್ಕಾಗಿ ಒಬ್ಬ ಹುಡುಗ ಚೌಕಟ್ಟಿನ ಪಕ್ಕ ಕುಳಿತು ಬೇವಿನ ಟೊಂಗೆಯನ್ನು ಬಕೆಟ್ಟಿನಲ್ಲಿ ಅದ್ದಿ ಆಗಾಗ ಕೊಡವುತ್ತಿದ್ದ. ನಾಲ್ಕೈದು ಉಂಗುರಗಳು ಎದ್ದು ಬೋರ್ಡಿನ ಬಣ್ಣ ಒಮ್ಮೆ ಕದಡಿ ಮತ್ತೆ ಕೂಡುತ್ತಿತ್ತು. ಇಡೀ ಚಿತ್ರದಲ್ಲಿ ಮಳೆಯ ನಂಬಿಕೆ ಹುಟ್ಟಿಸಿದ್ದು ಆ ದೊಡ್ಡ ಪೈಪಿಗಿಂತ ಈ ಟೊಂಗೆಯೇ ಎಂದು ನನ್ನ ಅಭಿಪ್ರಾಯ.

ಕ್ಯಾಮೆರಾದ ವೇಗದ ಬಗ್ಗೆ ನಮ್ಮ ದೇಶದಲ್ಲಿ ಕೆಲಸ ಮಾಡುವವರು ಒಂದು ವಿಷಯವನ್ನು ಮರೆಯುವಂತಿಲ್ಲ. ಇಲ್ಲಿನ ವಿದ್ಯುತ್ತು ಸೆಕೆಂಡಿಗೆ ಐವತ್ತು ಆವರ್ತನದ್ದು, ಅದರ ಮೇಲೆ ಉರಿಯುವ ಅಗ್ಗದ ದೀಪಗಳು ಸೆಕೆಂಡಿಗೆ ನೂರು ಸಲ ಏರಿಳಿಯುತ್ತವೆ. ಸೆಕೆಂಡಿಗೆ ಇಪ್ಪತ್ತೈದು ಚೌಕಟ್ಟು, ಐವತ್ತನೇ ಒಂದು ಸೆಕೆಂಡಿನ ಶಟರ್ ಇಟ್ಟುಕೊಂಡರೆ ಪ್ರತಿ ಚೌಕಟ್ಟಿನಲ್ಲೂ ಸರಿಯಾಗಿ ಎರಡು ಏರಿಳಿತ ಬಂದು ಮಿನುಗು ಕಾಣುವುದಿಲ್ಲ. ಸಂಸ್ಥೆಯವರು ಇಪ್ಪತ್ನಾಲ್ಕು ಚೌಕಟ್ಟೇ ಬೇಕೆಂದರೆ ಶಟರ್ ಎಷ್ಟು ಹೊತ್ತು ತೆರೆದಿರುತ್ತದೆ ಎಂದು ಸೂಚಿಸುವ ಶಟರ್ ಕೋನವನ್ನು 180 ಡಿಗ್ರಿಗೆ ಬಿಡದೆ 172.8 ಡಿಗ್ರಿಗೆ ಇಡಬೇಕು, ಅದು ಮತ್ತೆ ಐವತ್ತನೇ ಒಂದು ಸೆಕೆಂಡೇ. ಈ ಶಟರಿನಲ್ಲಿ ಆರು ಮೀಟರಿನಿಂದ ಬೀಳುವ ಹನಿ ಹದಿನೈದು ಸೆಂಟಿಮೀಟರಿಗೂ ಮೀರಿದ ಗೆರೆಯಾಗಿ ದಾಖಲಾಗುತ್ತದೆ, ಮಳೆಗೆ ಅದು ಹಿತವಾದ ಉದ್ದ. ಆದರೆ ಎಲ್‌ಇಡಿ ಪಟ್ಟಿಯನ್ನು ಅಗ್ಗದ ಡಿಮ್ಮರಿನಿಂದ ಮಂದಗೊಳಿಸಿದರೆ ಈ ಲೆಕ್ಕ ನಡೆಯುವುದಿಲ್ಲ. ಅದು ತನ್ನದೇ ಲಯದಲ್ಲಿ ಉರಿದು ಆರುತ್ತ ಚಿತ್ರದಲ್ಲಿ ಅಡ್ಡ ಪಟ್ಟೆಗಳನ್ನು ತರುತ್ತದೆ. ಬರಿಗಣ್ಣಿಗೆ ಇದು ಕಾಣದು. ಪರೀಕ್ಷೆ ಸುಲಭ: ಬೋರ್ಡನ್ನು ಚೌಕಟ್ಟಿನ ತುಂಬ ತುಂಬಿಸಿಕೊಂಡು ಕೆಲವು ಸೆಕೆಂಡು ದಾಖಲಿಸಿ, ಮಾನಿಟರಿನಲ್ಲಿ ನಿಧಾನವಾಗಿ ಓಡಿಸಿ ನೋಡಬೇಕು. ನಾವು ಬೋರ್ಡುಗಳ ಪಟ್ಟಿಗಳನ್ನು ಪೂರ್ತಿ ಬೆಳಕಿನಲ್ಲೇ ಉರಿಸಿ, ಹೆಚ್ಚಾದ ಬೆಳಕನ್ನು ಬೂದು ಜೆಲ್ ಹಾಳೆ ಅಂಟಿಸಿ ಕಡಿಮೆ ಮಾಡಿದೆವು.

ಬೆಳಕಿನ ಪ್ರಮಾಣ ಹೊಂದಿಸುವಲ್ಲಿ ನಾನು ಬೋರ್ಡಿನ ಬಣ್ಣಕ್ಕೆ ಮೊದಲ ಸ್ಥಾನ ಕೊಟ್ಟೆ. ಬೋರ್ಡು ಹೆಚ್ಚು ಬೆಳಗಿದರೆ ಕೆಂಪು ಮೊದಲು ಕಿತ್ತಳೆಗೆ, ಆಮೇಲೆ ಬಿಳಿಗೆ ತಿರುಗುತ್ತದೆ. ಹಾಗೆ ಹೋದ ಬಣ್ಣವನ್ನು ಸಂಕಲನದ ಮೇಜಿನಲ್ಲಿ ಯಾರೂ ಮರಳಿ ತರಲಾರರು. ನೀಲಿಯಲ್ಲಿ ಅಪಾಯ ಇನ್ನೂ ಗುಪ್ತವಾಗಿರುತ್ತದೆ. ಒಟ್ಟು ಪ್ರಕಾಶವನ್ನು ತೋರಿಸುವ ಸಾಮಾನ್ಯ ಮಾಪಕದಲ್ಲಿ ನೀಲಿಯ ಪಾಲು ನೂರಕ್ಕೆ ಏಳರಷ್ಟೇ ಇರುವುದರಿಂದ, ನೀಲಿ ವಾಹಿನಿ ತುಂಬಿ ತುಳುಕಿದ್ದರೂ ಮಾಪಕ ಇನ್ನೂ ಜಾಗವಿದೆ ಎಂದೇ ಹೇಳುತ್ತದೆ. ಹಾಗಾಗಿ ಕೆಂಪು, ಹಸಿರು, ನೀಲಿಗಳನ್ನು ಬೇರೆ ಬೇರೆ ತೋರಿಸುವ ಮಾಪಕವನ್ನು ತೆರೆದಿಟ್ಟುಕೊಂಡು, ಮೂರರಲ್ಲಿ ಯಾವುದೂ ಮೇಲಂಚಿಗೆ ತಾಗದಂತೆ ನೋಡಿಕೊಂಡೆ. ಬೋರ್ಡು ಹೀಗೆ ನಿಗದಿಯಾದ ಮೇಲೆ ಪ್ರತಿಬಿಂಬ ಎಷ್ಟು ಕೆಳಗಿರುತ್ತದೆ ಎಂಬುದು ಮೊದಲು ಹೇಳಿದ ಕೋನದ ಲೆಕ್ಕದಿಂದಲೇ ತಿಳಿಯುತ್ತದೆ. ಬೆಳಕು ಒಮ್ಮೆ ಅರ್ಧಕ್ಕೆ ಇಳಿಯುವುದನ್ನು ನಾವು ಒಂದು ಸ್ಟಾಪ್ ಎನ್ನುತ್ತೇವೆ. ಎಂಟನೇ ಒಂದು ಪಾಲು ಎಂದರೆ ಮೂರು ಸ್ಟಾಪ್ ಕೆಳಗೆ, ನೂರಕ್ಕೆ ಮೂವತ್ತು ಎಂದರೆ ಎರಡು ಸ್ಟಾಪಿಗೂ ಕಡಿಮೆ. ಮೂರು ಸ್ಟಾಪ್ ಕೆಳಗಿನ ಕೆಂಪು ಮೊಬೈಲ್ ಪರದೆಯಲ್ಲಿ ಕಪ್ಪಿನೊಂದಿಗೆ ಬೆರೆತುಹೋಗುತ್ತದೆ, ಈ ಜಾಹೀರಾತನ್ನು ಬಹುಪಾಲು ಜನ ನೋಡುವುದೇ ಆ ಪರದೆಯಲ್ಲಿ. ಬೋರ್ಡು ಇಳಿಸಲು ನಾನು ಪಟ್ಟು ಹಿಡಿದ ಕಾರಣ ಇದು. ಓಣಿಯ ಎರಡು ಬೀದಿದೀಪಗಳನ್ನು ಪಾಲಿಕೆಯ ಸಿಬ್ಬಂದಿಯೇ ಬಂದು ಆರಿಸಿಕೊಟ್ಟ ಮೇಲೆ ನೆಲದ ಕಪ್ಪು ಗಟ್ಟಿಯಾಯಿತು. ಪೋಲರೈಸರ್ ಫಿಲ್ಟರನ್ನು ಚೀಲದಿಂದ ಹೊರಗೆ ತೆಗೆಯಲೇ ಇಲ್ಲ. ಅದು ನೀರಿನ ಹೊಳಪನ್ನೇ ಕಡಿಮೆ ಮಾಡಬಲ್ಲ ವಸ್ತು, ಮೇಲಾಗಿ ರಾತ್ರಿಯ ವಿರಳ ಬೆಳಕಿನಲ್ಲಿ ಒಂದೂವರೆ ಸ್ಟಾಪಿಗೂ ಹೆಚ್ಚು ನುಂಗುತ್ತದೆ.

ಬೆಳಕಿಗೆ ಕ್ಯಾಮೆರಾದ ಮೂಲ ಸಂವೇದನೆ ಎರಡು ಹಂತದ್ದು, ಐಎಸ್‌ಒ 800 ಮತ್ತು 12,800. ರಾತ್ರಿ ಎಂದೊಡನೆ ಹಲವರು ಮೇಲಿನ ಹಂತಕ್ಕೆ ಹೋಗುತ್ತಾರೆ. ನಾನು ಕೆಳಗಿನದರಲ್ಲೇ ಉಳಿದು ಮಸೂರವನ್ನು ಹೆಚ್ಚು ತೆರೆದೆ. ಮೇಲಿನ ಹಂತದಲ್ಲಿ ಬೋರ್ಡುಗಳನ್ನು ತಡೆಯಲು ದ್ಯುತಿರಂಧ್ರವನ್ನು ಬಹಳ ಕಿರಿದು ಮಾಡಬೇಕಾಗುತ್ತಿತ್ತು. ಆಗ ಹಿಂದಿನ ಮಳೆಯ ಗೆರೆಗಳೂ ಅಂಗಡಿಯ ಶಟರುಗಳ ಮೇಲಿನ ಬರಹಗಳೂ ಸ್ಪಷ್ಟವಾಗಿ ಕಂಡು ಯುವಕನ ಮುಖದಿಂದ ಗಮನ ಸೆಳೆಯುತ್ತಿದ್ದವು.

ಯುವಕನ ಕೈಯಲ್ಲಿದ್ದ ಫೋನಿನ ಪರದೆಗೆ ಹಸಿರು ಬಣ್ಣ ಹಾಕಿ ತಾಯಿಯ ಮುಖವನ್ನು ನಂತರ ಸೇರಿಸುವುದು ಸಂಕಲನದವರ ಸಲಹೆಯಾಗಿತ್ತು. ಒದ್ದೆ ಓಣಿಯಲ್ಲಿ ಅದು ಕೆಟ್ಟ ಸಲಹೆ, ಹಸಿರು ಬೆಳಕು ಅವನ ಕೆನ್ನೆಗೂ ಒದ್ದೆ ಅಂಗಿಗೂ ನೆಲಕ್ಕೂ ಅಂಟುತ್ತದೆ. ಬದಲಿಗೆ ತಾಯಿಯ ಪಾತ್ರದವರ ದೃಶ್ಯವನ್ನು ಮೊದಲೇ ಚಿತ್ರೀಕರಿಸಿ ಅದೇ ವಿಡಿಯೊವನ್ನು ಫೋನಿನಲ್ಲಿ ಓಡಿಸಿದೆವು. ಅವನ ಮುಖದ ಮೇಲಿನ ಬೆಚ್ಚಗಿನ ಬೆಳಕಿಗೆ ಅಂಗೈಯಷ್ಟು ಚಿಕ್ಕ ಎಲ್‌ಇಡಿ ಫಲಕವೊಂದನ್ನು ಫೋನಿನ ಹಿಂದೆ ಅಡಗಿಸಿಟ್ಟಿದ್ದೆವು.

ಕೊನೆಯ ದೃಶ್ಯದಲ್ಲಿ ನಟನಿಲ್ಲ, ಖಾಲಿ ಓಣಿ, ಕಂಪನಿಯ ಬೋರ್ಡು ಮತ್ತು ಅದರ ಪ್ರತಿಬಿಂಬ ಮಾತ್ರ. ಈ ಬೋರ್ಡು ಎಷ್ಟು ಬೆಳಗಿರಬೇಕು ಎಂಬುದರ ಬಗ್ಗೆ ಕಂಪನಿಯ ಕಡೆಯವರಲ್ಲೇ ಎರಡು ಅಭಿಪ್ರಾಯಗಳಿದ್ದವು, ಬೆಳಗಿನ ಜಾವದವರೆಗೂ ಅದು ತೀರುವಂತಿರಲಿಲ್ಲ. ಹಾಗಾಗಿ ಕ್ಯಾಮೆರಾವನ್ನು ಕದಲದಂತೆ ಬಿಗಿದು, ಒಮ್ಮೆ ಕಂಪನಿಯ ಬೋರ್ಡು ಮಾತ್ರ ಉರಿಸಿ, ಇನ್ನೊಮ್ಮೆ ಅದನ್ನು ಆರಿಸಿ ಉಳಿದ ಎಲ್ಲ ದೀಪಗಳನ್ನು ಉರಿಸಿ ಅದೇ ಚೌಕಟ್ಟನ್ನು ಎರಡು ಸಲ ದಾಖಲಿಸಿದೆ. ಬೆಳಕು ಬೆಳಕಿಗೆ ಕೂಡಿಕೊಳ್ಳುವ ವಸ್ತು. ಕತ್ತಲೆಯ ವಿವರ ಉಳಿಯಲೆಂದು ಕ್ಯಾಮೆರಾ ಬೆಳಕಿನ ಅಂತರಗಳನ್ನು ಕುಗ್ಗಿಸಿ ದಾಖಲಿಸುವ ಲಾಗ್ ರೂಪದ ಚಿತ್ರಗಳನ್ನು ಮೊದಲು ನಿಜವಾದ ಬೆಳಕಿನ ಪ್ರಮಾಣಕ್ಕೆ ಅನುಪಾತದಲ್ಲಿರುವ ಲೀನಿಯರ್ ರೂಪಕ್ಕೆ ತಿರುಗಿಸಿ ಒಂದರ ಮೇಲೊಂದು ಕೂಡಿಸಿದರೆ ಎರಡೂ ಒಟ್ಟಿಗೆ ಉರಿದಂತೆಯೇ ಬರುತ್ತದೆ, ನೀರಿನ ಅಲೆಗಳು ಎರಡು ದಾಖಲೆಗಳಲ್ಲಿ ಬೇರೆಯಾಗಿದ್ದರೂ ಕಣ್ಣಿಗೆ ತಿಳಿಯುವುದಿಲ್ಲ. ಲಾಗ್ ರೂಪದಲ್ಲೇ ಕೂಡಿಸಿದರೆ ಮಾತ್ರ ಕಪ್ಪೆಲ್ಲ ಬೂದಾಗುತ್ತದೆ, ಈ ಸೂಚನೆಯನ್ನು ಬಣ್ಣ ತಿದ್ದುವವರಿಗೆ ಬರೆದುಕೊಟ್ಟಿದ್ದೆ. ಆಮೇಲೆ ಬೋರ್ಡನ್ನೂ ಅದರ ಪ್ರತಿಬಿಂಬವನ್ನೂ ಒಟ್ಟಿಗೆ, ಉಳಿದ ಓಣಿಯನ್ನು ಮುಟ್ಟದೆ, ಬೇಕಾದಷ್ಟು ಏರಿಸಿ ಇಳಿಸಿ ಕಂಪನಿಯವರ ಎದುರೇ ತೋರಿಸಲು ಸಾಧ್ಯವಾಯಿತು. ಅವರು ಒಪ್ಪಿದ್ದು ನಾನು ಓಣಿಯಲ್ಲಿ ಇಟ್ಟದ್ದಕ್ಕಿಂತ ಅರ್ಧ ಸ್ಟಾಪ್ ಹೆಚ್ಚಿನ ಬೆಳಕನ್ನು.